ಸಾಲ 4 ಲಕ್ಷ, ಬಾಕಿ 5.40 ಲಕ್ಷ: ಎಜುಕೇಷನ್ ಲೋನ್ ಸ್ಟೇಟ್‌ಮೆಂಟ್ ಓದೋದು ಹೇಗೆ?

ಈ ಸಂಚಿಕೆ ಕೇಳೋವಾಗ ಫೋನ್‌ನಲ್ಲಿ ಕ್ಯಾಲ್ಕುಲೇಟರ್ ತೆಗೆದಿಟ್ಟುಕೊಳ್ಳಿ. ಲೆಕ್ಕ ಇದೆ, ಆದರೆ ಗುಣಾಕಾರ, ಭಾಗಾಕಾರ ಬಿಟ್ಟು ಬೇರೇನೂ ಇಲ್ಲ. ಕೇಳೋಕೆ ಕಷ್ಟ ಅನ್ನಿಸೋ ಸಂಖ್ಯೆಗಳನ್ನು ಈ ಬರಹದಲ್ಲಿ ಬಿಡಿಸಿ ಕೊಟ್ಟಿದ್ದೀವಿ.

ತುರುವೇಕೆರೆ ತಾಲ್ಲೂಕಿನ ಒಬ್ಬ ಕೇಳುಗರು ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ್ದರು. ಎಜುಕೇಷನ್ ಲೋನ್ ಸ್ಟೇಟ್‌ಮೆಂಟ್‌ನ ಫೋಟೋ. ಜೊತೆಗೆ ಒಂದೇ ಪ್ರಶ್ನೆ: "ನಾವು ತಗೊಂಡಿದ್ದು 4 ಲಕ್ಷ. ಈಗ ಕಂತು ಶುರು ಆಗುತ್ತೆ ಅಂತಿದಾರೆ, ಬಾಕಿ 5 ಲಕ್ಷದ 40 ಸಾವಿರ ತೋರಿಸ್ತಿದೆ. ಇದು ಸರಿ ಇದ್ಯಾ?" ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯಿಂದ ಬೆಂಗಳೂರಿಗೆ ಇಂಜಿನಿಯರಿಂಗ್, ನರ್ಸಿಂಗ್ ಓದೋಕೆ ಹೋದ ಎಷ್ಟೋ ಮಕ್ಕಳ ಮನೆಯಲ್ಲಿ ಇದೇ ಪ್ರಶ್ನೆ ಇರುತ್ತೆ. ಅವರ ಹೆಸರು, ಬ್ಯಾಂಕಿನ ಹೆಸರು ಬೇಡ. ಅಂಕಿಗಳನ್ನೂ ದಿನಾಂಕಗಳನ್ನೂ ಲೆಕ್ಕಕ್ಕೆ ಸುಲಭವಾಗೋ ಹಾಗೆ ದುಂಡು ಮಾಡಿಕೊಂಡು ನೋಡೋಣ.

ನಾಲ್ಕು ವರ್ಷದ ಬಿ.ಇ. ಕೋರ್ಸ್. ಬ್ಯಾಂಕು ಪ್ರತಿ ವರ್ಷ ಆಗಸ್ಟ್ 1ಕ್ಕೆ 1 ಲಕ್ಷ ರೂಪಾಯಿ ಕಾಲೇಜಿಗೆ ಕಟ್ಟಿದೆ: 2020, 2021, 2022, 2023. ಬಡ್ಡಿ ವರ್ಷಕ್ಕೆ ಶೇಕಡಾ 10. ಕೋರ್ಸ್ ಮುಗಿದಿದ್ದು 2024ರ ಜುಲೈನಲ್ಲಿ. ಅದರ ಮೇಲೆ ಒಂದು ವರ್ಷ ಬಿಡುವು. ಅಂದರೆ 2025ರ ಜುಲೈ 31ರ ತನಕ ಕಂತು ಕಟ್ಟೋ ಹಾಗಿಲ್ಲ. ಆಗಸ್ಟ್‌ನಿಂದ ಕಂತು ಶುರು.

ಈ ಬಿಡುವಿಗೇ ಮೊರಟೋರಿಯಂ ಅನ್ನೋದು. ಭಾರತೀಯ ಬ್ಯಾಂಕುಗಳ ಸಂಘ, ಅಂದರೆ ಐಬಿಎ, ಶಿಕ್ಷಣ ಸಾಲಕ್ಕೆ ಒಂದು ಮಾದರಿ ಯೋಜನೆ ಮಾಡಿದೆ. ಬಹಳಷ್ಟು ಬ್ಯಾಂಕುಗಳು ಅದನ್ನೇ ಇಟ್ಟುಕೊಂಡು ಸಾಲ ಕೊಡುತ್ತವೆ. ಓದೋ ಅವಧಿ, ಅದರ ಮೇಲೆ ಒಂದು ವರ್ಷ ಕಂತು ಇಲ್ಲ ಅನ್ನೋದು ಅದರಲ್ಲೇ ಇದೆ. ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಮೊರಟೋರಿಯಂನಲ್ಲಿ ನಿಲ್ಲೋದು ಕಂತು ಮಾತ್ರ, ಬಡ್ಡಿ ನಿಲ್ಲಲ್ಲ. ಬ್ಯಾಂಕು ಮೊದಲ ಲಕ್ಷ ಕೊಟ್ಟ ದಿನದಿಂದಲೇ ಬಡ್ಡಿ ಓಡ್ತಾ ಇರುತ್ತೆ. ನೀವು ಅದನ್ನು ಕಟ್ಟದೇ ಬಿಟ್ಟರೆ ಒಂದು ಕಡೆ ಸೇರ್ತಾ ಹೋಗುತ್ತೆ. ಕಂತು ಶುರುವಾಗೋ ದಿನ, ಹಾಗೆ ಸೇರಿದ ಬಡ್ಡಿಯನ್ನೆಲ್ಲ ಅಸಲಿಗೆ ಕೂಡಿಸಿಬಿಡ್ತಾರೆ. ಇದಕ್ಕೆ ಬಡ್ಡಿ ಕ್ಯಾಪಿಟಲೈಸ್ ಆಗೋದು ಅಂತಾರೆ. ಅವತ್ತಿಂದ ಆ ಬಡ್ಡಿಯೂ ಅಸಲೇ, ಅದರ ಮೇಲೂ ಬಡ್ಡಿ ಬೀಳುತ್ತೆ.

ಮೊದಲು ಫೋಟೋ ಸರಿಯಾಗಿದೆಯಾ ನೋಡಿ

ಸ್ಟೇಟ್‌ಮೆಂಟ್‌ನಲ್ಲಿ ಸಾಮಾನ್ಯವಾಗಿ ದಿನಾಂಕ, ವಿವರ, ಡೆಬಿಟ್, ಕ್ರೆಡಿಟ್, ಬಾಕಿ ಅಂತ ಕಾಲಂಗಳು ಇರುತ್ತವೆ. ಉಳಿತಾಯ ಖಾತೆಯ ಅಭ್ಯಾಸ ಇಲ್ಲಿ ತಲೆಕೆಳಗಾಗುತ್ತೆ. ಸಾಲದ ಖಾತೆಯಲ್ಲಿ ಡೆಬಿಟ್ ಅಂದರೆ ನಿಮ್ಮ ಸಾಲ ಹೆಚ್ಚಾಯ್ತು ಅಂತ. ಕ್ರೆಡಿಟ್ ಅಂದರೆ ಸಾಲ ಕಮ್ಮಿ ಆಯ್ತು ಅಂತ. ಬಾಕಿಯ ಮುಂದೆ ಇರೋ `Dr` ಅಂದರೆ ಅಷ್ಟು ದುಡ್ಡು ನೀವು ಬ್ಯಾಂಕಿಗೆ ಕೊಡಬೇಕು.

ಫೋಟೋದಲ್ಲಿ 3 ಮತ್ತು 8, 1 ಮತ್ತು 7 ಒಂದೇ ತರ ಕಾಣಿಸೋದು ಮಾಮೂಲಿ. ಫೋನ್ ತಾನಾಗೇ ಅಕ್ಷರ ಓದಿ ಕೊಟ್ಟಾಗಲೂ ಇಲ್ಲೇ ತಪ್ಪುತ್ತೆ. ಇದನ್ನು ಹಿಡಿಯೋಕೆ ಒಂದು ಸುಲಭ ದಾರಿ ಇದೆ. ಹಿಂದಿನ ಸಾಲಿನ ಬಾಕಿಗೆ ಈ ಸಾಲಿನ ಡೆಬಿಟ್ ಕೂಡಿಸಿ, ಕ್ರೆಡಿಟ್ ಇದ್ದರೆ ಕಳೆಯಿರಿ. ಈ ಸಾಲಿನ ಬಾಕಿ ಪೈಸೆ ಸಮೇತ ಬರಬೇಕು. ಬರಲಿಲ್ಲ ಅಂದರೆ ಒಂದೋ ಯಾವುದೋ ಅಂಕಿ ತಪ್ಪಾಗಿ ಓದಿದ್ದೀರಿ, ಇಲ್ಲ ಮಧ್ಯೆ ಒಂದು ಸಾಲು ಫೋಟೋದಿಂದ ಕತ್ತರಿಸಿ ಹೋಗಿದೆ. ನಮ್ಮ ಉದಾಹರಣೆಯ ಎರಡು ಸಾಲು ನೋಡಿ:

```
31/08/2022  INTEREST DEBIT  2,547.95  3,32,547.95 Dr
30/09/2022  INTEREST DEBIT  2,465.75  3,35,013.70 Dr
```

3,32,547.95ಕ್ಕೆ 2,465.75 ಕೂಡಿಸಿದರೆ 3,35,013.70. ಸರಿ ಇದೆ. ಹೀಗೆ ನಾಲ್ಕೈದು ಸಾಲು ತಾಳೆ ಆದರೆ ಆ ಫೋಟೋ ಇಟ್ಟುಕೊಂಡು ಲೆಕ್ಕ ಮಾಡಬಹುದು. ಆದರೆ ಒಂದು ವರ್ಷದ ಫೋಟೋ ಸಾಕಾಗಲ್ಲ. ಮೊದಲ ಹಣ ಬಿಡುಗಡೆಯಾದ ದಿನದಿಂದ ಇವತ್ತಿನ ತನಕದ ಪೂರ್ತಿ ಸ್ಟೇಟ್‌ಮೆಂಟನ್ನು ಶಾಖೆಯಲ್ಲಿ ಕೇಳಿ, ಪಿಡಿಎಫ್ ಆದರೆ ಇನ್ನೂ ಒಳ್ಳೇದು.

ಇನ್ನೊಂದು ತರದ ಸ್ಟೇಟ್‌ಮೆಂಟೂ ಇದೆ. ಅದರಲ್ಲಿ ತಿಂಗಳು ತಿಂಗಳು ಬಡ್ಡಿಯ ಸಾಲು ಇರಲ್ಲ. ಬಾಕಿ ಐದು ವರ್ಷವೂ ಅಲ್ಲಿತನಕ ಕೊಟ್ಟ ಅಸಲನ್ನಷ್ಟೇ ತೋರಿಸುತ್ತೆ. ಬಡ್ಡಿಯನ್ನು ಬ್ಯಾಂಕು ಬೇರೆ ಕಡೆ ಲೆಕ್ಕ ಇಡುತ್ತಾ ಇರುತ್ತೆ. ಆಪ್‌ನಲ್ಲೋ ಸ್ಟೇಟ್‌ಮೆಂಟ್‌ನ ಕೆಳಗೋ `Accrued Interest` ಅಂತ ಒಂದು ಸಂಖ್ಯೆ ಇರಬಹುದು, ಅದು ಆ ಬಡ್ಡಿ. ಇದನ್ನು ನೋಡದೇ "ಬಾಕಿ 4 ಲಕ್ಷ ಅಷ್ಟೇ" ಅಂದುಕೊಂಡಿರೋ ಮನೆಗಳಿಗೆ, ಕಂತು ಶುರುವಾಗೋ ತಿಂಗಳು ಒಂದೇ ಸಾಲಿನಲ್ಲಿ 1 ಲಕ್ಷದ 40 ಸಾವಿರ ಡೆಬಿಟ್ ಬಿದ್ದಾಗ ಎದೆ ಧಸಕ್ ಅನ್ನುತ್ತೆ.

ಸರಳ ಬಡ್ಡಿಯಾ, ಚಕ್ರಬಡ್ಡಿಯಾ?

ಎಲ್ಲಕ್ಕಿಂತ ಮೊದಲು ಪರೀಕ್ಷೆ ಮಾಡಬೇಕಾಗಿರೋದು ಇದನ್ನ. ಐಬಿಎ ಮಾದರಿ ಯೋಜನೆ ಪ್ರಕಾರ ಓದೋ ಅವಧಿಯಲ್ಲಿ, ಕಂತು ಶುರು ಆಗೋ ತನಕ ಸರಳ ಬಡ್ಡಿ. ಅಂದರೆ ಬಡ್ಡಿ ಅಸಲಿನ ಮೇಲೆ ಮಾತ್ರ. ಸೇರಿರೋ ಬಡ್ಡಿಯ ಮೇಲೆ ಬಡ್ಡಿ ಹಾಕೋ ಹಾಗಿಲ್ಲ. ಎಲ್ಲ ಸಾಲವೂ ಈ ಯೋಜನೆಯದ್ದೇ ಆಗಿರಬೇಕು ಅಂತಿಲ್ಲ. ಖಾಸಗಿ ಫೈನಾನ್ಸ್ ಕಂಪನಿಯ ಸಾಲದಲ್ಲಿ ಷರತ್ತು ಬೇರೆ ಇರಬಹುದು. ಅದಕ್ಕೇ ನಿಮ್ಮ ಸಾಲ ಮಂಜೂರಾತಿ ಪತ್ರ ತೆಗೆದು, ಮೊರಟೋರಿಯಂ ಬಡ್ಡಿ ಬಗ್ಗೆ ಏನು ಬರೆದಿದೆ ಅಂತ ಮೊದಲು ಓದಿಕೊಳ್ಳಿ.

ಪತ್ರದಲ್ಲಿ ಸರಳ ಬಡ್ಡಿ ಅಂತಿದ್ದರೆ, ಖಾತೆಯಲ್ಲೂ ಹಾಗೇ ನಡೀತಿದೆಯಾ ಅಂತ ನೋಡಲು ಒಂದೇ ಒಂದು ತಿಂಗಳ ಬಡ್ಡಿ ಸಾಕು. ಮೊದಲ ವರ್ಷದ ತಿಂಗಳು ಬೇಡ, ಆಗ ಬಡ್ಡಿ ಹೆಚ್ಚು ಸೇರಿರಲ್ಲ, ವ್ಯತ್ಯಾಸ ಕಾಣಿಸಲ್ಲ. ಹೊಸದಾಗಿ ಹಣ ಬಿಡುಗಡೆಯಾದ ತಿಂಗಳೂ ಬೇಡ. ನಾವು 2022ರ ಸೆಪ್ಟೆಂಬರ್ ತಗೊಳ್ಳೋಣ. ಅಷ್ಟು ಹೊತ್ತಿಗೆ ಬ್ಯಾಂಕು ಕೊಟ್ಟಿರೋದು 3 ಲಕ್ಷ, ಅದು ಅಸಲು. ಬಾಕಿ ಕಾಲಂನಲ್ಲಿರೋದು ಬಡ್ಡಿ ಸೇರಿ 3,32,547.95. ಸೆಪ್ಟೆಂಬರ್‌ಗೆ 30 ದಿನ. ಎರಡೂ ರೀತಿ ಲೆಕ್ಕ ಹಾಕಿ:

```
3,00,000    × 10 × 30 ÷ 36500 = 2,465.75
3,32,547.95 × 10 × 30 ÷ 36500 = 2,733.27
```

ಸ್ಟೇಟ್‌ಮೆಂಟ್‌ನಲ್ಲಿ ಬಿದ್ದಿರೋ ಬಡ್ಡಿ 2,465.75. ಅಂದರೆ ಅಸಲಿನ ಮೇಲೆ ಮಾತ್ರ ಹಾಕಿದ್ದಾರೆ, ಸರಳ ಬಡ್ಡಿ. ಸೆಪ್ಟೆಂಬರ್ ಸಾಲಿನಲ್ಲಿ 2,733ರ ಹತ್ತಿರದ ಸಂಖ್ಯೆ ಇದ್ದಿದ್ದರೆ, ಬಾಕಿ ಪೂರ್ತಿಯ ಮೇಲೆ ಬಡ್ಡಿ ಹಾಕ್ತಿದ್ದಾರೆ, ಅದು ಚಕ್ರಬಡ್ಡಿ. ಇಲ್ಲಿ 36500 ಎಲ್ಲಿಂದ ಬಂತು ಅಂದರೆ, ವರ್ಷದ 365 ದಿನ ಗುಣಿಸು ಶೇಕಡಾ ಲೆಕ್ಕದ 100.

ಈ ಸೂತ್ರವನ್ನೇ ತಿರುಗಿಸಿದರೆ ಇನ್ನೊಂದು ಉಪಯೋಗ ಇದೆ. ಬಡ್ಡಿ ದರ ಎಷ್ಟು ಅಂತ ಸ್ಟೇಟ್‌ಮೆಂಟ್‌ನ ಸಾಲಿನಲ್ಲಿ ಬರೆದಿರಲ್ಲ. ಆದರೆ ಬಡ್ಡಿಯ ಮೊತ್ತದಿಂದ ಅದನ್ನು ಕಂಡುಹಿಡೀಬಹುದು:

```
2,465.75 × 36500 ÷ (3,00,000 × 30) = 10
```

2019ರ ಅಕ್ಟೋಬರ್ ನಂತರ ವಾಣಿಜ್ಯ ಬ್ಯಾಂಕುಗಳು ಬದಲಾಗೋ ದರದಲ್ಲಿ ಕೊಟ್ಟಿರೋ ವೈಯಕ್ತಿಕ ಸಾಲಗಳ ಬಡ್ಡಿ, ಆರ್‌ಬಿಐ ರೆಪೋ ದರದಂಥ ಹೊರಗಿನ ದರಕ್ಕೆ ಜೋಡಣೆ ಆಗಿರುತ್ತೆ. 2025ರ ಫೆಬ್ರವರಿಯಿಂದ ಜೂನ್ ಒಳಗೆ ರೆಪೋ ದರ 6.50ರಿಂದ 5.50ಕ್ಕೆ ಇಳೀತು. ನಿಮ್ಮ ಸಾಲ ರೆಪೋಗೆ ಜೋಡಣೆ ಆಗಿದ್ದರೆ, ಕನಿಷ್ಠ ಮೂರು ತಿಂಗಳಿಗೊಮ್ಮೆ ದರ ಹೊಂದಿಸಬೇಕು ಅನ್ನೋ ನಿಯಮ ಇದೆ. ಇಳಿದಿದೆಯಾ ಇಲ್ಲವಾ ಅನ್ನೋದನ್ನು ಈ ತಿರುಗಿಸಿದ ಸೂತ್ರ ನಿಮಗೆ ಹೇಳುತ್ತೆ.

ಈಗ ಒಟ್ಟು ಲೆಕ್ಕ

ಸರಳ ಬಡ್ಡಿಯಾದರೆ ಕ್ಯಾಪಿಟಲೈಸ್ ಆಗೋ ಮೊತ್ತ ತೆಗೆಯೋದು ಸಲೀಸು. ಪ್ರತಿ ಬಿಡುಗಡೆಯೂ ಒಂದೊಂದು ಬೇರೆ ಸಾಲ ಅಂದುಕೊಳ್ಳಿ. ಪ್ರತಿಯೊಂದೂ 2025ರ ಜುಲೈ 31ರ ತನಕ ಎಷ್ಟು ವರ್ಷ ಇತ್ತು ಅಂತ ನೋಡಿ. 2020ರ ಲಕ್ಷಕ್ಕೆ 5 ವರ್ಷ, ಬಡ್ಡಿ 50,000. 2021ರದ್ದಕ್ಕೆ 4 ವರ್ಷ, 40,000. 2022ರದ್ದಕ್ಕೆ 30,000. 2023ರದ್ದಕ್ಕೆ 20,000. ಒಟ್ಟು ಬಡ್ಡಿ 1,40,000. ಅಸಲು 4 ಲಕ್ಷ ಸೇರಿ 5,40,000.

ನಿಮ್ಮ ಲೆಕ್ಕಕ್ಕೂ ಬ್ಯಾಂಕಿನ ಲೆಕ್ಕಕ್ಕೂ ನೂರಿನ್ನೂರು ರೂಪಾಯಿ ಹೆಚ್ಚು ಕಮ್ಮಿ ಬಂದರೆ ಗಾಬರಿ ಬೇಡ. ಉದಾಹರಣೆಗೆ 2024ರಲ್ಲಿ ಫೆಬ್ರವರಿ 29 ಇತ್ತು. ಆ ಒಂದು ದಿನಕ್ಕೆ 4 ಲಕ್ಷದ ಮೇಲೆ ಸುಮಾರು 110 ರೂಪಾಯಿ ಬಡ್ಡಿ. ಮಧ್ಯೆ ದರ ಬದಲಾಗಿದ್ದರೆ, ಬದಲಾದ ದಿನಕ್ಕೆ ಲೆಕ್ಕ ಎರಡು ತುಂಡು ಮಾಡಿ, ಒಂದೊಂದಕ್ಕೂ ಅದರದರ ದರ ಹಾಕಿ.

ಹಾಗಾಗಿ ಫೋಟೋ ಕಳಿಸಿದವರಿಗೆ ಉತ್ತರ: ಬಾಕಿ ಸರಿಯಾಗಿದೆ. ಇದೇ ಖಾತೆಯಲ್ಲಿ ತಿಂಗಳು ತಿಂಗಳು ಚಕ್ರಬಡ್ಡಿ ಹಾಕಿದ್ದಿದ್ದರೆ ಬಾಕಿ ಸುಮಾರು 5,70,300 ಆಗಿರೋದು. ವ್ಯತ್ಯಾಸ 30,300. ಹತ್ತು ವರ್ಷದ ಕಂತಿಗೆ ಹಾಕಿದರೆ ತಿಂಗಳಿಗೆ 7,136ರ ಬದಲು ಸುಮಾರು 7,537 ಕಟ್ಟಬೇಕಾಗ್ತಿತ್ತು. ಹತ್ತು ವರ್ಷಕ್ಕೆ ಒಟ್ಟು 48,000 ರೂಪಾಯಿ ಹೆಚ್ಚು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಇಟ್ಟಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000. ಆ ಲೆಕ್ಕದಲ್ಲಿ ಅದು ನಾಲ್ಕು ಕ್ವಿಂಟಲ್ ಕೊಬ್ಬರಿ. ಒಂದು ತಿಂಗಳ ಬಡ್ಡಿಯ ಸಾಲು ಪರೀಕ್ಷೆ ಮಾಡಿದ್ದಕ್ಕೆ ಸಿಗೋ ಫಲ ಇಷ್ಟು.

ಅಟ್ಟದ ಮೇಲಿನ ಕೊಬ್ಬರಿ ಯಾವಾಗ ಮಾರೋದು?

ಈಗ ನಮ್ಮ ಕಡೆಯ ಮನೆಗಳಿಗೆ ತುಂಬಾ ಬೇಕಾದ ವಿಷಯ. ಇಲ್ಲಿ ದುಡ್ಡು ತಿಂಗಳ ಸಂಬಳದ ತರ ಬರಲ್ಲ. ಕಾಯಿ ಅಟ್ಟಕ್ಕೆ ಹಾಕಿದರೆ ಒಳಗೆ ಒಣಗಿ ಉಂಡೆ ಕೊಬ್ಬರಿ ಆಗೋಕೆ ಹತ್ತು ಹನ್ನೊಂದು ತಿಂಗಳು ಬೇಕು. ಆಮೇಲೆ ಸುಲಿಸಿ, ತಿಪಟೂರು ಎಪಿಎಂಸಿಗೆ ಹಾಕಿದಾಗ ಒಂದೇ ಸಲ ದುಡ್ಡು ಕೈಗೆ ಬರುತ್ತೆ. ರೇಟ್ ಬಿದ್ದಿದ್ದರೆ ಇನ್ನಷ್ಟು ದಿನ ಕಾಯ್ತಾರೆ. ಹೀಗಿರೋವಾಗ "ಬಡ್ಡಿ ಕಟ್ಟೋಕೆ ಈಗಲೇ ಮಾರಿಬಿಡೋಣವಾ?" ಅಂತ ಅಪ್ಪ ಕೇಳಿದರೆ ಏನು ಹೇಳಬೇಕು?

ಸರಳ ಬಡ್ಡಿಯ ಖಾತೆಯಲ್ಲಿ ಸೇರಿರೋ ಬಡ್ಡಿಯ ಮೇಲೆ ಬಡ್ಡಿ ಇಲ್ಲ. ಹಾಗಾಗಿ ಬಡ್ಡಿ ಬಾಬ್ತಿಗೆ 20,000 ರೂಪಾಯಿಯನ್ನು 2025ರ ಫೆಬ್ರವರಿಯಲ್ಲಿ ಕಟ್ಟಿದರೂ, ಜುಲೈನಲ್ಲಿ ಕಟ್ಟಿದರೂ ಕ್ಯಾಪಿಟಲೈಸ್ ಆಗೋ ಮೊತ್ತ 5,40,000ದಿಂದ 5,20,000ಕ್ಕೇ ಇಳಿಯುತ್ತೆ. ಐದು ತಿಂಗಳು ಕಾದಿದ್ದಕ್ಕೆ ಬ್ಯಾಂಕಿನಲ್ಲಿ ಒಂದು ರೂಪಾಯಿ ನಷ್ಟ ಇಲ್ಲ. ಆದರೆ ಜುಲೈ 31 ದಾಟಿ ಹೋಯ್ತು ಅಂದರೆ ಕಥೆ ಬೇರೆ. ಆ 20,000 ಅಸಲಿಗೆ ಸೇರಿಬಿಟ್ಟಿತು. ಹತ್ತು ವರ್ಷದ ಕಂತಿನಲ್ಲಿ ಅದನ್ನು ತೀರಿಸೋಕೆ ತಿಂಗಳಿಗೆ 264 ರೂಪಾಯಿಯಂತೆ ಒಟ್ಟು ಸುಮಾರು 31,700 ಕಟ್ಟಬೇಕು. ಆದ್ದರಿಂದ ಮನೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಬೇಕಾದ ದಿನ ಒಂದೇ, ಮೊರಟೋರಿಯಂ ಮುಗಿಯೋ ದಿನ. ಕೊನೇ ದಿನದ ತನಕ ಬಿಡಬೇಡಿ. ಭಾನುವಾರ, ರಜೆ ನೋಡಿಕೊಂಡು ಒಂದು ವಾರ ಮುಂಚೆ ಕಟ್ಟಿ, ಸ್ಟೇಟ್‌ಮೆಂಟ್‌ನ ಕ್ರೆಡಿಟ್ ಕಾಲಂನಲ್ಲಿ ಬಂದಿದೆಯಾ ನೋಡಿ.

ಈ ಮಾತಿಗೆ ಎರಡು ತಿದ್ದುಪಡಿ ಇವೆ. ನಿಮ್ಮದು ಚಕ್ರಬಡ್ಡಿ ಸಾಲವಾದರೆ ಕಾಯೋದು ಲಾಭವಲ್ಲ, ಪ್ರತಿ ತಿಂಗಳೂ ಬಡ್ಡಿ ಮೇಲೆ ಬಡ್ಡಿ ಏರುತ್ತೆ. ಎರಡನೆಯದು, ಓದೋ ಅವಧಿಯಲ್ಲೇ ಬಡ್ಡಿಯನ್ನು ಬಿದ್ದ ಹಾಗೆ ಪೂರ್ತಿ ಕಟ್ಟಿಕೊಂಡು ಬಂದವರಿಗೆ ಬ್ಯಾಂಕು ಶೇಕಡಾ 1 ರಿಯಾಯಿತಿ ಕೊಡಬಹುದು ಅಂತ ಐಬಿಎ ಮಾದರಿಯಲ್ಲಿ ಇದೆ. ನಮ್ಮ ಉದಾಹರಣೆಯಲ್ಲಿ ಓದೋ ನಾಲ್ಕು ವರ್ಷಕ್ಕೆ ಅದು 10,000 ರೂಪಾಯಿ ಉಳಿತಾಯ. ನಿಮ್ಮ ಮಂಜೂರಾತಿ ಪತ್ರದಲ್ಲಿ ಆ ರಿಯಾಯಿತಿ ಇದ್ದು, ಮನೆಗೆ ತಿಂಗಳು ತಿಂಗಳು ಕಟ್ಟೋ ಶಕ್ತಿ ಇದ್ದರೆ ಆ ದಾರಿ ಒಳ್ಳೇದು. ಅರ್ಧಂಬರ್ಧ ಕಟ್ಟಿದರೆ ಅದು ಸಿಗಲ್ಲ.

ಬರಬೇಕಾದ ದುಡ್ಡು ಬಂದಿದೆಯಾ?

ಬಾಕಿ ಸರಿ ಇದ್ದರೂ ಒಂದು ಸಾಲು ಇಲ್ಲದೇ ಇರೋದನ್ನು ಗಮನಿಸಬೇಕು. ಕೇಂದ್ರ ಸರ್ಕಾರದ ಬಡ್ಡಿ ಸಹಾಯಧನ ಯೋಜನೆ ಒಂದಿದೆ, ಸಿಎಸ್‌ಐಎಸ್ ಅಂತಾರೆ. ಕುಟುಂಬದ ವರ್ಷದ ಆದಾಯ 4.5 ಲಕ್ಷದ ಒಳಗಿದ್ದು, ಸಾಲ ಐಬಿಎ ಮಾದರಿಯದಾಗಿದ್ದು, ಕೋರ್ಸೂ ಕಾಲೇಜೂ ಯೋಜನೆಯ ಷರತ್ತಿಗೆ ಹೊಂದಿದರೆ, ಮೊರಟೋರಿಯಂ ಅವಧಿಯ ಬಡ್ಡಿಯನ್ನು ಸರ್ಕಾರವೇ ಕೊಡುತ್ತೆ. ಅದು ನಿಮ್ಮ ಸಾಲದ ಖಾತೆಗೆ ಕ್ರೆಡಿಟ್ ಆಗಿ ಬರಬೇಕು, ವಿವರದಲ್ಲಿ `SUBSIDY` ಅನ್ನೋ ಪದ ಹುಡುಕಿ. ನಮ್ಮ ಉದಾಹರಣೆಯ ಮನೆ ಇದಕ್ಕೆ ಅರ್ಹವಾಗಿದ್ದು, ಬಡ್ಡಿ ಪೂರ್ತಿ ಬಂದಿದ್ದರೆ, ಕಂತು 5.40 ಲಕ್ಷಕ್ಕಲ್ಲ, 4 ಲಕ್ಷಕ್ಕೆ ಬೀಳೋದು. ತಿಂಗಳಿಗೆ 7,136 ಅಲ್ಲ, 5,286.

ಅರ್ಹರಾಗಿದ್ದೂ ಐದು ವರ್ಷದಲ್ಲಿ ಆ ಸಾಲು ಒಮ್ಮೆಯೂ ಕಾಣದಿದ್ದರೆ, ಸಾಲ ತಗೊಂಡಾಗ ಆದಾಯ ಪ್ರಮಾಣಪತ್ರ ಕೊಟ್ಟಿದ್ದೀರಾ, ನಿಮ್ಮ ಹೆಸರಿನಲ್ಲಿ ಸಹಾಯಧನಕ್ಕೆ ಬೇಡಿಕೆ ಕಳಿಸಿದ್ದಾರಾ ಅಂತ ಶಾಖೆಯಲ್ಲಿ ಕೇಳಿ. ಬಡ್ಡಿ ಅಸಲಿಗೆ ಸೇರೋ ಮುಂಚೆ ಕೇಳೋದು ಮುಖ್ಯ.

ತಾಳೆ ಆಗಲಿಲ್ಲ ಅಂದರೆ

ಕೌಂಟರ್ ಮುಂದೆ ನಿಂತು "ಬಾಕಿ ಜಾಸ್ತಿ ಆಗಿದೆ" ಅಂತ ಹೇಳಿದರೆ ಕೆಲಸ ಆಗೋದು ಕಷ್ಟ. ಒಂದು ಹಾಳೆಯಲ್ಲಿ ಸಾಲದ ಖಾತೆ ಸಂಖ್ಯೆ, ಪರೀಕ್ಷೆ ಮಾಡಿದ ತಿಂಗಳು, ಆ ದಿನದ ಅಸಲು, ದರ, ನಿಮ್ಮ ಲೆಕ್ಕದ ಬಡ್ಡಿ, ಬ್ಯಾಂಕು ಹಾಕಿರೋ ಬಡ್ಡಿ, ಇಷ್ಟು ಬರೆಯಿರಿ. ಜೊತೆಗೆ ಮಂಜೂರಾತಿ ಪತ್ರದ ಸರಳ ಬಡ್ಡಿಯ ಸಾಲಿನ ಜೆರಾಕ್ಸ್ ಇಡಿ. "ದಯವಿಟ್ಟು ಬಡ್ಡಿ ಲೆಕ್ಕದ ವಿವರ ಕೊಡಿ" ಅಂತ ಮನವಿ ಮಾಡಿ, ನಿಮ್ಮ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಇದೇ ಪತ್ರವನ್ನು ಶಾಖೆಯ ಇಮೇಲ್‌ಗೂ ಕಳಿಸಿದರೆ ದಿನಾಂಕಕ್ಕೆ ಸಾಕ್ಷಿ ಉಳಿಯುತ್ತೆ.

30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ಆರ್‌ಬಿಐ ಒಂಬುಡ್ಸ್‌ಮನ್‌ಗೆ `cms.rbi.org.in` ತಾಣದಲ್ಲಿ ದೂರು ಕೊಡಬಹುದು. ಅದಕ್ಕೆ ಶುಲ್ಕ ಇಲ್ಲ. ಬ್ಯಾಂಕಿಗೆ ಮೊದಲು ಬರೆದು ಕೊಟ್ಟಿದ್ದೀರಿ ಅನ್ನೋ ದಾಖಲೆ ಅಲ್ಲಿ ಬೇಕೇ ಬೇಕು. ಸೀಲ್ ಹಾಕಿಸಿದ ಆ ಪ್ರತಿ ಅಲ್ಲಿ ಉಪಯೋಗಕ್ಕೆ ಬರುತ್ತೆ.

ನಿಮ್ಮ ಮನೆಯ ಸ್ಟೇಟ್‌ಮೆಂಟ್ ತೆಗೆದು ಒಂದು ತಿಂಗಳ ಬಡ್ಡಿ ತಾಳೆ ನೋಡಿ. ನಮಗೆ ಫೋಟೋ ಕಳಿಸೋದಾದರೆ ಖಾತೆ ಸಂಖ್ಯೆ, ಹೆಸರು, ಫೋನ್ ನಂಬರ್ ಮುಚ್ಚಿ ಕಳಿಸಿ. ಲೆಕ್ಕಕ್ಕೆ ಬೇಕಾಗಿರೋದು ದಿನಾಂಕ, ಮೊತ್ತ, ಬಾಕಿ ಅಷ್ಟೇ. ಮತ್ತೆ ಸಿಗೋಣ.